ಒಂದು ರೂಪಾಯಿಯ ವಾರಂಟು, ತೊಂಬತ್ತೊಂಬತ್ತು ರೂಪಾಯಿಯ ಬಾಕಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲಿ ಷೇರು ಎಂದರೆ ಮೊದಲು ನೆನಪಾಗುವುದು ಸಹಕಾರಿ ಸಕ್ಕರೆ ಕಾರ್ಖಾನೆಯ ಷೇರು. ಮುಧೋಳ ತಾಲ್ಲೂಕಿನ ತಿಮ್ಮಾಪುರದ ರನ್ನ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಸಂಸ್ಥೆಯಲ್ಲಿ ರೈತ ದುಡ್ಡು ಕಟ್ಟಿ ಸದಸ್ಯನಾಗುತ್ತಾನೆ. ಅವನ ಕೈಯಲ್ಲಿ ಎಷ್ಟೇ ಷೇರಿದ್ದರೂ ಮತ ಒಂದೇ. ಕಾರ್ಖಾನೆ ಎಷ್ಟು ಲಾಭ ಮಾಡಿದರೂ ಷೇರಿನ ಮುಖಬೆಲೆ ಏರುವುದಿಲ್ಲ. ಆ ಷೇರನ್ನು ಯಾರೂ ಹೆಚ್ಚಿನ ಬೆಲೆಗೆ ಮಾರಬೇಕೆಂದು ಕೊಳ್ಳುವುದೂ ಇಲ್ಲ. ಕಬ್ಬು ಕಳಿಸುವ ಹಕ್ಕಿಗಾಗಿ, ಸದಸ್ಯತ್ವಕ್ಕಾಗಿ ಕೊಳ್ಳುತ್ತಾರೆ.

ಅದೇ ಮನೆಯ ಹುಡುಗನೋ ಹುಡುಗಿಯೋ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋದಾಗ ನೇಮಕಾತಿ ಪತ್ರದಲ್ಲಿ ಬೇರೊಂದು ಬಗೆಯ ಷೇರು ಬರುತ್ತದೆ. ಸಂಬಳ ಇಷ್ಟು, ಪಿಎಫ್ ಇಷ್ಟು, ಅದರ ಕೆಳಗೆ "ಸ್ಟಾಕ್ ಆಪ್ಷನ್: ಹತ್ತು ಲಕ್ಷ ರೂಪಾಯಿ ಮೌಲ್ಯದ್ದು, ನಾಲ್ಕು ವರ್ಷದ ವೆಸ್ಟಿಂಗ್". "ಇದರಾಗ ಕೈಗೆ ಬರೂ ರೊಕ್ಕ ಎಷ್ಟ?" ಎಂದು ಅಪ್ಪ ಕೇಳುತ್ತಾರೆ. "ಈಗೇನೂ ಬರಂಗಿಲ್ಲಪ್ಪಾ, ಮುಂದ ಬರಬಹುದು" ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಮಕ್ಕಳಿಗೂ ಗೊತ್ತಿರುವುದಿಲ್ಲ.

ಸರಿಯಾದ ಉತ್ತರ ಹೀಗಿದೆ: ಆ ಪತ್ರದಲ್ಲಿ ಷೇರು ಇಲ್ಲ. ಮುಂದೊಂದು ದಿನ, ಇವತ್ತೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು ಮಾತ್ರ ಇದೆ. ಹೊಲ ಖರೀದಿಗೆ ಕೊಡುವ ಸಂಚಕಾರಕ್ಕೆ ಇದು ಹತ್ತಿರ. ಬೆಲೆ ಮಾತಾಗಿದೆ, ಬಾಕಿ ಕಟ್ಟಿದ ದಿನ ಹೊಲ ನಿಮ್ಮದು, ಕಟ್ಟದಿದ್ದರೆ ಇಲ್ಲ. ಆದರೆ ಒಂದು ವ್ಯತ್ಯಾಸವಿದೆ. ಸಂಚಕಾರದ ಒಪ್ಪಂದದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಕಟ್ಟುಪಾಡು ಇರುತ್ತದೆ. ಇಲ್ಲಿ ಕಟ್ಟುಪಾಡು ಕಂಪನಿಗೆ ಮಾತ್ರ. ನೌಕರ ಬೇಡವೆಂದು ಬಿಟ್ಟುಬಿಡಬಹುದು.

ಕರ್ನಾಟಕದಲ್ಲಿ ಇದರ ಅತಿ ದೊಡ್ಡ ಪ್ರಸಂಗ ಇನ್ಫೋಸಿಸ್‌ನದು. ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ 2008ರ ಜನವರಿಯಲ್ಲಿ ತೀರ್ಮಾನವಾಯಿತು. ಆ ತೀರ್ಪನ್ನು ಓದಿದರೆ ಇಡೀ ಯೋಜನೆಯ ಕೀಲುಗಳೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ.

ಇನ್ಫೋಸಿಸ್ 1993ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿತು. ಮರುವರ್ಷ, 1994ರಲ್ಲಿ, ನೌಕರರಿಗೆ ಷೇರು ಹಂಚುವ ಯೋಜನೆ ತಂದಿತು. ಆಗ ದೇಶದಲ್ಲಿ ಇದಕ್ಕೆಂದೇ ಮಾಡಿದ ಕಾನೂನಿನ ಚೌಕಟ್ಟು ಇರಲಿಲ್ಲ. ಹಾಗಾಗಿ ಕಂಪನಿ ನೌಕರರ ಕ್ಷೇಮಾಭಿವೃದ್ಧಿ ಟ್ರಸ್ಟ್ ಒಂದನ್ನು ಕಟ್ಟಿ, ಅದಕ್ಕೆ 7,50,000 ವಾರಂಟುಗಳನ್ನು ತಲಾ ಒಂದು ರೂಪಾಯಿಗೆ ಕೊಟ್ಟಿತು. ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನು ಒಟ್ಟು ನೂರು ರೂಪಾಯಿಗೆ ಪಡೆಯುವ ಹಕ್ಕೇ ಒಂದು ವಾರಂಟು. ಕೆಲಸದ ಗುಣಮಟ್ಟ ಮತ್ತಿತರ ಅಂಶಗಳನ್ನು ನೋಡಿ ಆರಿಸಿದ ನೌಕರರಿಗೆ ಟ್ರಸ್ಟ್ ಅದೇ ಒಂದು ರೂಪಾಯಿಗೆ ವಾರಂಟನ್ನು ದಾಟಿಸುತ್ತಿತ್ತು.

ಮುಂದಿನದು ಕಾಲದ ಲೆಕ್ಕ. ವಾರಂಟು ಕೈಗೆ ಬಂದ ಮೇಲೆ ಕನಿಷ್ಠ ಒಂದು ವರ್ಷ ಸುಮ್ಮನೆ ಇಟ್ಟುಕೊಳ್ಳಬೇಕು. ವರ್ಷ ತುಂಬಿದ ಮೇಲೆ, ಐದು ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಉಳಿದ 99 ರೂಪಾಯಿ ಕಟ್ಟಿ ಷೇರು ಪಡೆಯಬಹುದು. ಪಡೆದರೂ ಅದು ಕೈಗೆ ಸಿಗುವುದಿಲ್ಲ. ಲಾಕ್-ಇನ್ ಅವಧಿ ಮುಗಿಯುವವರೆಗೆ ಷೇರುಪತ್ರ ಟ್ರಸ್ಟಿನ ವಶದಲ್ಲೇ ಇರುತ್ತದೆ, ಅದನ್ನು ಯಾರಿಗೂ ವರ್ಗಾಯಿಸುವಂತಿಲ್ಲ. ಐದು ವರ್ಷದೊಳಗೆ ನೌಕರ ಕೆಲಸ ಬಿಟ್ಟರೆ ಆ ಷೇರು ನೂರು ರೂಪಾಯಿಗೇ ಟ್ರಸ್ಟಿಗೆ ವಾಪಸ್ಸು. ಅಂದರೆ ಕಟ್ಟಿದ ದುಡ್ಡು ಸಿಗುತ್ತದೆ, ಏರಿದ ಬೆಲೆ ಸಿಗುವುದಿಲ್ಲ.

ಆ ಹೊತ್ತಿಗೆ ಇನ್ಫೋಸಿಸ್ ಷೇರಿನ ಬೆಲೆ ಮಾರುಕಟ್ಟೆಯಲ್ಲಿ ನೂರು ರೂಪಾಯಿಯನ್ನು ಎಲ್ಲೋ ಹಿಂದೆ ಬಿಟ್ಟಿತ್ತು. ಆದಾಯ ತೆರಿಗೆ ಇಲಾಖೆ ಇದನ್ನು ಗಮನಿಸಿತು. ಮಾರುಕಟ್ಟೆಯ ಬೆಲೆಗೂ ನೌಕರರು ಕಟ್ಟಿದ ಬೆಲೆಗೂ ಇರುವ ವ್ಯತ್ಯಾಸ ಸುಮಾರು 165 ಕೋಟಿ ರೂಪಾಯಿ, ಅದು ಸಂಬಳದ ಜೊತೆ ಸಿಕ್ಕ ಸವಲತ್ತು, ಆದ್ದರಿಂದ ಕಂಪನಿ ಅದರ ಮೇಲೆ ಶೇ 30ರಂತೆ ಸುಮಾರು 49.5 ಕೋಟಿ ರೂಪಾಯಿ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಿತ್ತು, ಮಾಡಿಲ್ಲ, ಹಾಗಾಗಿ ಕಂಪನಿ ತಪ್ಪಿತಸ್ಥ ಎಂದಿತು.

ನ್ಯಾಯಮಂಡಳಿ, ಕರ್ನಾಟಕ ಹೈಕೋರ್ಟ್, ಕೊನೆಗೆ ಸುಪ್ರೀಂ ಕೋರ್ಟ್, ಮೂರೂ ಕಡೆ ಇಲಾಖೆ ಸೋತಿತು. ಸುಪ್ರೀಂ ಕೋರ್ಟಿನ ವಾದ ಸರಳವಾಗಿತ್ತು. ಲಾಕ್-ಇನ್‌ನಲ್ಲಿರುವ, ಮಾರಲಾಗದ, ಕೆಲಸ ಬಿಟ್ಟರೆ ಮರಳಿ ಹೋಗುವ ಷೇರಿನಿಂದ ನೌಕರನಿಗೆ ಅವತ್ತು ಸಿಕ್ಕಿದ್ದು ಕಾಗದದ ಮೇಲಿನ ಲಾಭ. ಐದು ವರ್ಷದ ನಂತರ ಅದರ ಬೆಲೆ ಏನಿರುತ್ತದೆ ಎಂದು ಯಾರಿಗೂ ಹೇಳಲಾಗದು. ಇಂಥ ಲಾಭಕ್ಕೆ ಹೇಗೆ ಬೆಲೆ ಕಟ್ಟಬೇಕು ಎಂಬ ಸ್ಪಷ್ಟ ನಿಯಮ ಆದಾಯ ತೆರಿಗೆ ಕಾಯ್ದೆಗೆ ಸೇರಿದ್ದು 2000ದ ಏಪ್ರಿಲ್ 1ರಿಂದ. ಅದನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಲಾಗದು.

ಈ ತೀರ್ಪನ್ನು ಇವತ್ತಿನ ನೌಕರರು ತಮ್ಮ ಪರವಾಗಿದೆ ಎಂದು ತಿಳಿದರೆ ಕೆಟ್ಟರು. ಅದು ಹಳೆಯ ವರ್ಷಗಳಿಗೆ ಸಂಬಂಧಿಸಿದ್ದು. ಈಗ ಕಾನೂನೇ ಬದಲಾಗಿದೆ. ಕಾಗದದ ಮೇಲಿನ ಲಾಭಕ್ಕೂ ತೆರಿಗೆ ಇದೆ, ಅದೂ ಷೇರು ಮಾರುವ ಮೊದಲೇ. ಅದರ ಲೆಕ್ಕವನ್ನು ಮುಂದೆ ಮಾಡೋಣ. ಅದಕ್ಕಿಂತ ಮೊದಲು ಕಂಪನಿ ಕಾನೂನು ಏನು ಹೇಳುತ್ತದೆ ನೋಡಬೇಕು.

1994ರಲ್ಲಿ ಇಲ್ಲದಿದ್ದ ಚೌಕಟ್ಟು ಈಗ ಇದೆ. 2013ರ ಕಂಪನಿ ಕಾಯ್ದೆಯ 62ನೇ ಕಲಮು ನೌಕರರಿಗೆ ಈ ರೀತಿ ಷೇರು ಕೊಡಲು ಷೇರುದಾರರ ವಿಶೇಷ ನಿರ್ಣಯ ಬೇಕೆನ್ನುತ್ತದೆ. ಅಂದರೆ ವಿರೋಧವಾಗಿ ಬಿದ್ದ ಮತಕ್ಕಿಂತ ಪರವಾದ ಮತ ಕನಿಷ್ಠ ಮೂರು ಪಟ್ಟು ಇರಬೇಕು. ಲೆಕ್ಕಪತ್ರಗಳನ್ನು ಸರಿಯಾಗಿ ಸಲ್ಲಿಸುತ್ತ ಬಂದ ಖಾಸಗಿ ಕಂಪನಿಗಳಿಗೆ 2015ರಲ್ಲಿ ಒಂದು ಸಡಿಲಿಕೆ ಕೊಟ್ಟು ಸಾಮಾನ್ಯ ನಿರ್ಣಯ ಸಾಕು ಎಂದರು. ವಿವರಗಳೆಲ್ಲ ಇರುವುದು 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮದಲ್ಲಿ. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಮಾತ್ರ ಸೆಬಿಯ 2021ರ ಪ್ರತ್ಯೇಕ ನಿಯಮಾವಳಿ ಇದೆ. ನಮ್ಮ ಕಡೆಯ ಉದಾಹರಣೆ ಬೇಕೆಂದರೆ, ಮಹಾಲಿಂಗಪುರದ ಬಳಿಯ ಸಮೀರವಾಡಿಯಲ್ಲಿ ಕಾರ್ಖಾನೆ ಇರುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರ್‌ನಲ್ಲಿ ಷೇರುಪೇಟೆಗೆ ಬಂತು. ಅಂಥ ಕಂಪನಿ ಆಪ್ಷನ್ ಕೊಟ್ಟರೆ ಸೆಬಿ ನಿಯಮ ಅನ್ವಯ. ಊರಿನ ಖಾಸಗಿ ಕಂಪನಿ ಕೊಟ್ಟರೆ 12ನೇ ನಿಯಮ. ಸಹಕಾರಿ ಕಾರ್ಖಾನೆ, ನೇಕಾರರ ಸಹಕಾರ ಸಂಘ, ಪಾಲುದಾರಿಕೆ ಅಂಗಡಿ ಇವು ಕಂಪನಿಗಳೇ ಅಲ್ಲ, ಆದ್ದರಿಂದ ಇವು ಆಪ್ಷನ್ ಕೊಡುವ ಪ್ರಶ್ನೆಯೇ ಬರುವುದಿಲ್ಲ.

ಮಿತಿ ಎಂದಾಗ ಎಲ್ಲರೂ ಮೊದಲು ಕೇಳುವುದು, ಒಟ್ಟು ಬಂಡವಾಳದ ಶೇಕಡಾ ಎಷ್ಟನ್ನು ಹೀಗೆ ಕೊಡಬಹುದು ಎಂದು. ಉತ್ತರ ಅಚ್ಚರಿ ಹುಟ್ಟಿಸುತ್ತದೆ. 12ನೇ ನಿಯಮದಲ್ಲಿ ಅಂಥ ಶೇಕಡಾವಾರು ಮಿತಿಯೇ ಇಲ್ಲ. ಬೆವರಿನ ಬೆಲೆಗೆ ಕೊಡುವ ಸ್ವೆಟ್ ಈಕ್ವಿಟಿ ಷೇರಿಗೆ ವರ್ಷಕ್ಕೆ ಶೇ 15 ಅಥವಾ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು, ಒಟ್ಟಾರೆ ಶೇ 25 ಎಂಬ ಗಡಿ ಇದೆ. ಸ್ಟಾರ್ಟ್‌ಅಪ್‌ಗಳಿಗೆ ಮೊದಲ ಹತ್ತು ವರ್ಷ ಆ ಒಟ್ಟಾರೆ ಗಡಿ ಶೇ 50. ಇವೆರಡನ್ನೂ ಒಂದೇ ಎಂದುಕೊಂಡು ಆಪ್ಷನ್‌ಗೂ ಶೇ 15ರ ಮಿತಿ ಇದೆ ಎಂದು ಖಡಾಖಂಡಿತವಾಗಿ ಹೇಳುವವರು ಸಾಕಷ್ಟಿದ್ದಾರೆ. ಆಪ್ಷನ್ ವಿಷಯದಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. ಎಷ್ಟು ಎನ್ನುವುದನ್ನು ಷೇರುದಾರರ ಸಭೆಗೆ ಬಿಟ್ಟು, ಯಾರಿಗೆ, ಯಾವಾಗ, ಹೇಗೆ ಎನ್ನುವುದನ್ನು ತಾನೇ ಬಿಗಿ ಮಾಡಿದೆ. ಒಟ್ಟು ಎಷ್ಟು ಆಪ್ಷನ್, ಒಬ್ಬರಿಗೆ ಹೆಚ್ಚೆಂದರೆ ಎಷ್ಟು, ಬೆಲೆ ಏನು ಅಥವಾ ಹೇಗೆ ಗೊತ್ತುಮಾಡುತ್ತಾರೆ, ವೆಸ್ಟಿಂಗಿನ ಷರತ್ತೇನು, ಎಷ್ಟು ಕಾಲದೊಳಗೆ ಹಣ ಕಟ್ಟಬೇಕು, ಇದೆಲ್ಲ ಸಭೆಯ ನೋಟಿಸಿನ ಜೊತೆಗಿರುವ ವಿವರಣೆಯಲ್ಲಿ ಬರಲೇಬೇಕು.

ಒಂದು ಶೇಕಡಾವಾರು ಗೆರೆ ಮಾತ್ರ ಇದೆ. ಅದೂ ತಡೆಯಲ್ಲ, ಎಚ್ಚರಿಕೆಯ ಗೆರೆ. ಒಬ್ಬ ನಿರ್ದಿಷ್ಟ ನೌಕರನಿಗೆ ಒಂದೇ ವರ್ಷದಲ್ಲಿ ಕಂಪನಿಯ ಹಂಚಿತ ಬಂಡವಾಳದ ಶೇ 1 ಅಥವಾ ಅದಕ್ಕಿಂತ ಹೆಚ್ಚು ಆಪ್ಷನ್ ಕೊಡುವುದಾದರೆ ಅದಕ್ಕೆ ಬೇರೆಯೇ ನಿರ್ಣಯ ಆಗಬೇಕು. 20 ಲಕ್ಷ ಷೇರಿನ ಕಂಪನಿಯಲ್ಲಿ 20,000 ಆಪ್ಷನ್ ಮುಟ್ಟಿದ ಕೂಡಲೇ ಆ ವ್ಯಕ್ತಿಯ ವಿಷಯ ಪ್ರತ್ಯೇಕವಾಗಿ ಷೇರುದಾರರ ಮುಂದೆ ಬರಬೇಕು. ಮಾತೃ ಕಂಪನಿಯ ಅಥವಾ ಅಧೀನ ಕಂಪನಿಯ ನೌಕರರಿಗೆ ಕೊಡುವಾಗಲೂ ಹೀಗೆಯೇ.

"ಯಾರಿಗೆ" ಎಂಬಲ್ಲಿ ನಮ್ಮ ಕಡೆಯ ಕಂಪನಿಗಳು ಎಡವುತ್ತವೆ. ಈ ನಾಲ್ಕು ತಾಲ್ಲೂಕುಗಳ ಖಾಸಗಿ ಕಂಪನಿಗಳಲ್ಲಿ ಬಹುಪಾಲು ಮನೆತನದವು. ಅಪ್ಪ ಆಡಳಿತ ನಿರ್ದೇಶಕ, ಮಗ ಉತ್ಪಾದನೆ ನೋಡುತ್ತಾನೆ, ಸೊಸೆ ಲೆಕ್ಕ ನೋಡುತ್ತಾಳೆ. ಅಪ್ಪನೇ ಪ್ರವರ್ತಕ. ಮಗ ಪ್ರವರ್ತಕರ ಗುಂಪಿಗೆ ಸೇರಿದವನು. ಅವನು ತಿಂಗಳ ಸಂಬಳದ ನೌಕರನೇ ಆಗಿದ್ದರೂ ಅವನಿಗೆ ಆಪ್ಷನ್ ಕೊಡುವಂತಿಲ್ಲ. ತಾನಾಗಲಿ, ಸಂಬಂಧಿಕರ ಮೂಲಕವಾಗಲಿ, ಬೇರೆ ಕಂಪನಿಯ ಮೂಲಕವಾಗಲಿ ಶೇ 10ಕ್ಕಿಂತ ಹೆಚ್ಚು ಷೇರು ಹೊಂದಿದ ನಿರ್ದೇಶಕನಿಗೂ ಇಲ್ಲ. ಸ್ವತಂತ್ರ ನಿರ್ದೇಶಕನಿಗೂ ಇಲ್ಲ. ನಿಯಮದಲ್ಲಿ ಇರುವುದು ಕಾಯಂ ನೌಕರ. ಆದ್ದರಿಂದ ಕಬ್ಬು ನುರಿಸುವ ಹಂಗಾಮಿಗೆ ಮಾತ್ರ ಬರುವವರು, ಗುತ್ತಿಗೆಯವರು, ತಿಂಗಳಿಗೊಮ್ಮೆ ಬಂದು ಲೆಕ್ಕ ನೋಡುವ ಸಲಹೆಗಾರರು ಹೊರಗೇ ಉಳಿಯುತ್ತಾರೆ. ಈ ಕಟ್ಟುಪಾಡಿನಲ್ಲಿ ಒಂದು ಕಿಂಡಿ ಇದೆ. ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆಯಿಂದ ಸ್ಟಾರ್ಟ್‌ಅಪ್ ಎಂದು ಮಾನ್ಯತೆ ಪಡೆದ ಕಂಪನಿ ನೋಂದಣಿಯಾದ ದಿನದಿಂದ ಹತ್ತು ವರ್ಷ ಪ್ರವರ್ತಕರಿಗೂ ಶೇ 10 ದಾಟಿದ ನಿರ್ದೇಶಕರಿಗೂ ಆಪ್ಷನ್ ಕೊಡಬಹುದು. ಹೂಡಿಕೆದಾರರು ಬಂದು ಬಂದು ಸ್ಥಾಪಕನ ಪಾಲು ಕರಗಿಹೋದ ಕಂಪನಿಗಳಿಗೆ ಇದು ಬೇಕಿತ್ತು. ಹೊರಗಿನ ಹೂಡಿಕೆದಾರರೇ ಇಲ್ಲದ ಮನೆತನದ ಕಂಪನಿ ಈ ಮಾನ್ಯತೆ ಪಡೆದು ಮನೆಯವರಿಗೇ ಆಪ್ಷನ್ ಹಂಚುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

"ಯಾವಾಗ" ಎಂಬುದಕ್ಕೆ ಉತ್ತರ ಒಂದು ವರ್ಷ. ಆಪ್ಷನ್ ಕೊಟ್ಟ ದಿನಕ್ಕೂ ವೆಸ್ಟ್ ಆಗುವ ದಿನಕ್ಕೂ ನಡುವೆ ಕನಿಷ್ಠ ಒಂದು ವರ್ಷ ಕಳೆಯಬೇಕು. ಇನ್ಫೋಸಿಸ್ ತಾನಾಗಿ ಇಟ್ಟುಕೊಂಡಿದ್ದ ವರ್ಷದ ಗಡುವೇ ಈಗ ಎಲ್ಲರಿಗೂ ಕಾನೂನು. ವೆಸ್ಟ್ ಆಗುವುದೆಂದರೆ ಹಣ ಕಟ್ಟಿ ಷೇರು ಕೇಳುವ ಹಕ್ಕು ಹುಟ್ಟುವುದು, ಅಷ್ಟೇ. ವೆಸ್ಟ್ ಆಯಿತು ಎಂದ ಮಾತ್ರಕ್ಕೆ ಡಿವಿಡೆಂಡ್ ಬರುವುದಿಲ್ಲ, ಮತವೂ ಇಲ್ಲ. ಅವು ಬರುವುದು ಹಣ ಕಟ್ಟಿ ಷೇರು ಹಂಚಿಕೆಯಾದ ಮೇಲೆ. ಅಲ್ಲಿಯವರೆಗೆ ಆಪ್ಷನ್ನನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಹೊಲದ ಮೇಲೆ, ಬಂಗಾರದ ಮೇಲೆ ಸಾಲ ಕೊಡುವ ಪತ್ತಿನ ಸಂಘಕ್ಕೆ ಆಪ್ಷನ್ ಪತ್ರ ಒಯ್ದು ಪ್ರಯೋಜನವಿಲ್ಲ.

ಈಗ ಒಂದು ಲೆಕ್ಕ. ಹೆಸರಿಲ್ಲದ ಒಂದು ಬೆಂಗಳೂರು ಕಂಪನಿ, ಅಲ್ಲಿ ಕೆಲಸ ಮಾಡುವ ಬನಹಟ್ಟಿಯ ಹುಡುಗಿ ಎಂದಿಟ್ಟುಕೊಳ್ಳೋಣ. ಕಂಪನಿಯಲ್ಲಿ 20 ಲಕ್ಷ ಷೇರುಗಳಿವೆ. ನೌಕರರಿಗೆಂದು 1 ಲಕ್ಷ ಆಪ್ಷನ್ ತೆಗೆದಿಟ್ಟಿದ್ದಾರೆ. 2022ರ ಜುಲೈ 1ರಂದು ಇವಳಿಗೆ 2,000 ಆಪ್ಷನ್ ಕೊಟ್ಟರು. ಎಕ್ಸರ್‌ಸೈಜ್ ಬೆಲೆ, ಅಂದರೆ ಷೇರು ಕೊಳ್ಳಲು ಕಟ್ಟಬೇಕಾದ ಬೆಲೆ, ತಲಾ 50 ರೂಪಾಯಿ. ವರ್ಷಕ್ಕೆ ಕಾಲು ಭಾಗದಂತೆ ನಾಲ್ಕು ವರ್ಷದಲ್ಲಿ ವೆಸ್ಟಿಂಗ್.

ಮೊದಲು ಅವಳ ಪಾಲು ಎಷ್ಟು ನೋಡಿ. ಎಲ್ಲ ಆಪ್ಷನ್ನೂ ಷೇರಾದರೆ ಒಟ್ಟು 21 ಲಕ್ಷ ಷೇರು. ಅದರಲ್ಲಿ 2,000 ಎಂದರೆ ಶೇ 0.095, ಸಾವಿರಕ್ಕೆ ಒಂದಕ್ಕಿಂತ ತುಸು ಕಡಿಮೆ. ನೇಮಕಾತಿ ಪತ್ರದಲ್ಲಿ ಕಾಣದೇ ಹೋಗುವುದು ಈ ಭಾಗವೇ. "ಹತ್ತು ಲಕ್ಷದ ಆಪ್ಷನ್" ಎಂದು ಬರೆದಿರುತ್ತಾರೆ, ಒಟ್ಟು ಷೇರು ಎಷ್ಟು ಎಂದು ಬರೆದಿರುವುದಿಲ್ಲ. ಆ ಹತ್ತು ಲಕ್ಷವೂ ಅನೇಕ ಸಲ ಹಿಂದಿನ ಹೂಡಿಕೆದಾರ ಕಟ್ಟಿದ ಬೆಲೆಯ ಮೇಲೆ ಹಾಕಿದ ಲೆಕ್ಕ. ಆದರೆ ಆ ಹೂಡಿಕೆದಾರನಿಗೆ ಸಿಕ್ಕಿರುವುದು ಆದ್ಯತಾ ಷೇರು. ಕಂಪನಿ ಮಾರಾಟವಾದರೆ ಅವನ ಹಣ ಮೊದಲು ಅವನಿಗೆ ಹೋಗುತ್ತದೆ, ಉಳಿದದ್ದರಲ್ಲಿ ನೌಕರರ ಸಾಮಾನ್ಯ ಷೇರಿಗೆ ಪಾಲು. ಆಪ್ಷನ್ ಎಷ್ಟು, ಒಟ್ಟು ಷೇರು ಎಷ್ಟು, ಎಕ್ಸರ್‌ಸೈಜ್ ಬೆಲೆ ಏನು, ಈ ಮೂರು ಗೊತ್ತಿಲ್ಲದೆ ಆ ರೂಪಾಯಿಯ ಮೊತ್ತಕ್ಕೆ ಅರ್ಥವಿಲ್ಲ.

2025ರ ಜುಲೈ 1ಕ್ಕೆ ಅವಳ 1,500 ಆಪ್ಷನ್ ವೆಸ್ಟ್ ಆಗಿವೆ. ಅಕ್ಟೋಬರ್‌ನಲ್ಲಿ 1,000 ಆಪ್ಷನ್‌ಗೆ ಹಣ ಕಟ್ಟಲು ನಿರ್ಧರಿಸುತ್ತಾಳೆ. ಕಟ್ಟಬೇಕಾದದ್ದು 50,000 ರೂಪಾಯಿ. ಷೇರುಪೇಟೆಯಲ್ಲಿಲ್ಲದ ಕಂಪನಿಯಾದ್ದರಿಂದ ಬೆಲೆ ಕಟ್ಟುವುದು ಮರ್ಚೆಂಟ್ ಬ್ಯಾಂಕರ್. ಆ ಮೌಲ್ಯಮಾಪನ 180 ದಿನಕ್ಕಿಂತ ಹಳೆಯದಾಗಿರಬಾರದು. ಅವರು ಷೇರಿಗೆ 450 ರೂಪಾಯಿ ಎಂದರು. ಕಟ್ಟಿದ ಬೆಲೆಗೂ ಇದಕ್ಕೂ ವ್ಯತ್ಯಾಸ 400 ರೂಪಾಯಿ, ಸಾವಿರ ಷೇರಿಗೆ 4 ಲಕ್ಷ. ಒಂದು ಷೇರನ್ನೂ ಮಾರದಿದ್ದರೂ ಈ 4 ಲಕ್ಷ ಅವಳ ಆ ವರ್ಷದ ಸಂಬಳಕ್ಕೆ ಸೇರುತ್ತದೆ.

ಅವಳ ತೆರಿಗೆಗೆ ಒಳಪಡುವ ಸಂಬಳ 16 ಲಕ್ಷ ಎನ್ನೋಣ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಸಾಲಿಗೆ 16 ಲಕ್ಷದಿಂದ 20 ಲಕ್ಷದವರೆಗಿನ ಹಂತಕ್ಕೆ ಶೇ 20. ಹಾಗಾಗಿ 80,000 ರೂಪಾಯಿ ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 83,200. ಇದನ್ನು ಕಂಪನಿ ಸಂಬಳದಿಂದಲೇ ಕಡಿತ ಮಾಡುತ್ತದೆ. ಒಂದೇ ತಿಂಗಳಲ್ಲಿ ಕಡಿತವಾದರೆ ಆ ತಿಂಗಳ ಸಂಬಳದ ಬಹುಭಾಗ ಹೋಗುತ್ತದೆ. ಷೇರಿನ ಬೆಲೆ, ತೆರಿಗೆ ಸೇರಿ ಅವಳ ಕೈಯಿಂದ ಹೋದದ್ದು 1,33,200 ರೂಪಾಯಿ. ಬದಲಿಗೆ ಸಿಕ್ಕಿದ್ದು ಕೊಳ್ಳುವವರು ಯಾರೂ ಇಲ್ಲದ ಒಂದು ಖಾಸಗಿ ಕಂಪನಿಯ ಷೇರು.

ಮೂರು ವರ್ಷದ ನಂತರ ಯಾರೋ ಷೇರಿಗೆ 700 ರೂಪಾಯಿ ಕೊಟ್ಟರೆ ಲೆಕ್ಕ ಚೆನ್ನಾಗಿದೆ. ತೆರಿಗೆ ಕಟ್ಟಿಯಾಗಿರುವ 450 ರೂಪಾಯಿಯೇ ಆಗ ಅವಳ ಕೊಂಡ ಬೆಲೆ ಎಂದಾಗುತ್ತದೆ. ಮೇಲಿನ 250 ರೂಪಾಯಿಗೆ ಮಾತ್ರ ಬಂಡವಾಳ ಲಾಭದ ತೆರಿಗೆ. ಎರಡು ವರ್ಷ ಮೀರಿ ಇಟ್ಟುಕೊಂಡಿದ್ದರಿಂದ ಶೇ 12.5. ಕಂಪನಿ ಮುಗ್ಗರಿಸಿ ಷೇರಿಗೆ 60 ರೂಪಾಯಿ ಮಾತ್ರ ಸಿಕ್ಕರೆ? ಕಟ್ಟಿದ 83,200 ಮರಳಿ ಬರುವುದಿಲ್ಲ. 3.9 ಲಕ್ಷದ ನಷ್ಟ ಕಾಗದದಲ್ಲಿ ಉಳಿಯುತ್ತದೆ. ಅದನ್ನು ಸಂಬಳದಿಂದ ಕಳೆಯುವಂತಿಲ್ಲ. ಮುಂದಿನ ಎಂಟು ವರ್ಷದಲ್ಲಿ ಬೇರೆಡೆ ದೀರ್ಘಾವಧಿಯ ಬಂಡವಾಳ ಲಾಭ ಬಂದರೆ ಅದಕ್ಕೆ ಮಾತ್ರ ವಜಾ. ಬನಹಟ್ಟಿಯಲ್ಲಿ ಒಂದು ಸೈಟು ಮಾರಿ ಲಾಭ ಬಂದರೆ ಉಪಯೋಗಕ್ಕೆ ಬಂದೀತು.

ಇನ್ಫೋಸಿಸ್ ನೌಕರರಿಗೂ ಇವಳಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಅವರಿಗೆ ಬಾಕಿ 99 ರೂಪಾಯಿ ಕಟ್ಟುವ ದಿನ ಷೇರುಪೇಟೆಯ ಬೆಲೆ ಕಣ್ಣೆದುರಿಗಿತ್ತು. ಲಾಕ್-ಇನ್ ಮುಗಿದರೆ ಕೊಳ್ಳುವವರಿದ್ದರು. ಇವಳಿಗೆ ಬೆಲೆ ಇರುವುದು ಒಂದು ವರದಿಯಲ್ಲಿ.

ಈ ಕಷ್ಟ ಗೊತ್ತಾಗಿಯೇ ಸರ್ಕಾರ 2020ರಲ್ಲಿ ಸ್ಟಾರ್ಟ್‌ಅಪ್ ನೌಕರರಿಗೆ ತೆರಿಗೆ ಮುಂದೂಡುವ ಅವಕಾಶ ಕೊಟ್ಟಿತು. ಸುಮಾರು ಐದು ವರ್ಷ ಆಗುವುದು, ಷೇರು ಮಾರುವುದು, ಕೆಲಸ ಬಿಡುವುದು, ಈ ಮೂರರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ತೆರಿಗೆ ಕಟ್ಟಬೇಕಿಲ್ಲ. ಕೇಳಲು ಉದಾರ. ಆದರೆ ಸ್ಟಾರ್ಟ್‌ಅಪ್ ಎಂಬ ಮಾನ್ಯತೆ ಮಾತ್ರ ಇದ್ದರೆ ಸಾಲದು. ಆದಾಯ ತೆರಿಗೆ ವಿನಾಯಿತಿಗಾಗಿ ಅಂತರ ಸಚಿವಾಲಯ ಮಂಡಳಿ ಕೊಡುವ ಬೇರೆ ಪ್ರಮಾಣಪತ್ರವೂ ಕಂಪನಿಗೆ ಇರಬೇಕು. ಮಾನ್ಯತೆ ಇರುವ ಕಂಪನಿಗಳಲ್ಲಿ ಈ ಪ್ರಮಾಣಪತ್ರ ಇರುವವು ಕಡಿಮೆ. ಸಂದರ್ಶನದಲ್ಲಿ "ನಾವು ಸ್ಟಾರ್ಟ್‌ಅಪ್, ತೆರಿಗೆ ಆಮೇಲೆ" ಎಂದವರನ್ನು ಆ ಪ್ರಮಾಣಪತ್ರ ಇದೆಯೇ ಎಂದು ಕೇಳಬೇಕು.

ಕೆಲಸ ಬಿಡುವ ದಿನ ಇನ್ನೊಂದು ಇಕ್ಕಟ್ಟು. ರಾಜೀನಾಮೆ ಕೊಟ್ಟರೆ ವೆಸ್ಟ್ ಆಗದ ಆಪ್ಷನ್ ಅಲ್ಲಿಗೇ ಸತ್ತವು. ನಮ್ಮ ಹುಡುಗಿ 2025ರ ಅಕ್ಟೋಬರ್ ಕೊನೆಗೆ ಬಿಟ್ಟರೆ 500 ಹೋದವು. ವೆಸ್ಟ್ ಆಗಿ ಹಣ ಕಟ್ಟದೆ ಉಳಿದ 500ಕ್ಕೆ ಯೋಜನೆಯಲ್ಲಿ ಬರೆದಷ್ಟು ಕಾಲ ಇರುತ್ತದೆ. ಎಷ್ಟು ಕಾಲ ಎಂದು ಕಾನೂನು ಹೇಳುವುದಿಲ್ಲ, ಕಂಪನಿಯೇ ಗೊತ್ತುಮಾಡುತ್ತದೆ. ಅನೇಕ ಕಡೆ ಅದು 30ರಿಂದ 90 ದಿನ. ಆ ಕೆಲವು ವಾರಗಳಲ್ಲಿ, ಸಂಬಳ ನಿಂತಿರುವ ಹೊತ್ತಿನಲ್ಲಿ, ಷೇರಿನ ಹಣವನ್ನೂ ತೆರಿಗೆಯನ್ನೂ ಹೊಂದಿಸಬೇಕು. ಎಷ್ಟೋ ಮಂದಿ ವರ್ಷಗಟ್ಟಲೆ ದುಡಿದು ವೆಸ್ಟ್ ಮಾಡಿಕೊಂಡದ್ದನ್ನು ಇಲ್ಲೇ ಕೈಬಿಡುತ್ತಾರೆ. ಪತ್ರಕ್ಕೆ ಸಹಿ ಹಾಕುವ ಮೊದಲೇ ಓದಬೇಕಾದ ಸಾಲು ಇದು. ಚೌಕಾಸಿ ಮಾಡಲು ಸಾಧ್ಯವಿರುವ ಸಾಲೂ ಹೌದು.

ಕೆಲಸ ಬಿಟ್ಟವರು ಷೇರುದಾರರಾಗಿ ಉಳಿದರೆ ಖಾಸಗಿ ಕಂಪನಿಗೆ ತೊಂದರೆಯಾಗದೇ ಎಂದು ಕೆಲ ಮಾಲೀಕರು ಹೆದರುತ್ತಾರೆ. ಖಾಸಗಿ ಕಂಪನಿಗೆ 200 ಸದಸ್ಯರ ಮಿತಿ ಇರುವುದು ನಿಜ. ಆದರೆ ಹಾಲಿ ನೌಕರರನ್ನು ಆ ಎಣಿಕೆಗೆ ಸೇರಿಸುವುದಿಲ್ಲ. ನೌಕರಿಯಲ್ಲಿದ್ದಾಗಲೇ ಷೇರು ಪಡೆದು ಬಿಟ್ಟುಹೋದವರನ್ನೂ ಸೇರಿಸುವುದಿಲ್ಲ.

ಇಷ್ಟೆಲ್ಲ ಇರುವಾಗ ನಮ್ಮ ಊರುಗಳಲ್ಲಿ ಹೆಚ್ಚಾಗಿ ನಡೆಯುವುದು ಇದ್ಯಾವುದೂ ಅಲ್ಲ. "ನೀ ಚೆನ್ನಾಗಿ ದುಡಿ, ಕಂಪನ್ಯಾಗ ಎರಡು ಪರ್ಸೆಂಟ್ ನಿನ್ನ ಹೆಸರಿಗೆ ಮಾಡತೀನಿ" ಎಂದು ಮಾಲೀಕರು ನಂಬಿಗಸ್ತ ಮ್ಯಾನೇಜರಿಗೆ ಹೇಳುತ್ತಾರೆ. ಮಾತಿನಲ್ಲಿ ಕೊಟ್ಟ ಎರಡು ಪರ್ಸೆಂಟ್ ಕಂಪನಿ ಕಾನೂನಿನ ಕಣ್ಣಿಗೆ ಆಪ್ಷನ್ ಅಲ್ಲ. ಷೇರುದಾರರ ನಿರ್ಣಯ ಆಗಿಲ್ಲ, ಯೋಜನೆ ಇಲ್ಲ, ಬೆಲೆ ಗೊತ್ತಾಗಿಲ್ಲ. ಅದೂ ಒಂದೇ ವರ್ಷದಲ್ಲಿ ಶೇ 2 ಎಂದರೆ ಆ ಮ್ಯಾನೇಜರನ ವಿಷಯವಾಗಿ ಪ್ರತ್ಯೇಕ ನಿರ್ಣಯವೇ ಬೇಕಿತ್ತು. ಮಾಲೀಕರು ತೀರಿಕೊಂಡು ಮಕ್ಕಳು ಪಾಲಾದ ದಿನ ಆ ಮಾತಿಗೆ ಸಾಕ್ಷಿ ಹೇಳುವ ಕಾಗದ ಒಂದೂ ಇರುವುದಿಲ್ಲ.

ನಿಜವಾದ ಆಪ್ಷನ್‌ಗೆ ಕಾಗದದ ಹೆಜ್ಜೆ ಇರುತ್ತದೆ, ಅದನ್ನು ಹಿಡಿದು ಹೋಗಬಹುದು. ಯೋಜನೆಯನ್ನು ಒಪ್ಪಿದ ಸಭೆಯ ತಾರೀಖು, ಹೆಸರು ಮತ್ತು ಸಂಖ್ಯೆ ಇರುವ ಗ್ರ್ಯಾಂಟ್ ಪತ್ರ, ಕಂಪನಿ ಇಡಲೇಬೇಕಾದ ಎಸ್‌ಎಚ್-6 ಎಂಬ ಆಪ್ಷನ್ ರಿಜಿಸ್ಟರಿನಲ್ಲಿ ನಿಮ್ಮ ನಮೂದು. ಹಣ ಕಟ್ಟಿದ ಮೇಲೆ ಷೇರು ಹಂಚಿದ ವಿವರವನ್ನು ಕಂಪನಿ 30 ದಿನದೊಳಗೆ ಪಿಎಎಸ್-3 ನಮೂನೆಯಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅದನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹಣ ಕಟ್ಟಿ ತಿಂಗಳುಗಳಾದರೂ ಪಿಎಎಸ್-3 ಕಾಣುತ್ತಿಲ್ಲವೆಂದರೆ ಷೇರು ಹಂಚಿಕೆಯೇ ಆಗಿಲ್ಲದಿರಬಹುದು. ಸಣ್ಣ ಕಂಪನಿ ಎಂಬ ವರ್ಗಕ್ಕೆ ಸೇರದ ಖಾಸಗಿ ಕಂಪನಿಗಳು ಈಗ ಹೊಸ ಷೇರನ್ನು ಡಿಮ್ಯಾಟ್ ರೂಪದಲ್ಲೇ ಕೊಡಬೇಕಾದ್ದರಿಂದ ನಿಮ್ಮ ಡಿಮ್ಯಾಟ್ ಖಾತೆಯಲ್ಲೂ ಅದು ಕಾಣಬೇಕು. ಪ್ರತಿ ವರ್ಷ ಆಡಳಿತ ಮಂಡಳಿಯ ವರದಿಯಲ್ಲಿ ಎಷ್ಟು ಆಪ್ಷನ್ ಕೊಟ್ಟೆವು, ಎಷ್ಟು ವೆಸ್ಟ್ ಆದವು, ಎಷ್ಟು ಷೇರಾದವು, ಎಷ್ಟು ರದ್ದಾದವು ಎಂಬ ಲೆಕ್ಕವೂ ಬರಬೇಕು.

ಕೊನೆಯದಾಗಿ, ಊರಿನಲ್ಲಿರುವ ಹೆತ್ತವರಿಗೆ ಗೊತ್ತಿರಬೇಕಾದ ಒಂದು ಕಲಮು. ನೌಕರಿಯಲ್ಲಿದ್ದಾಗಲೇ ನೌಕರ ತೀರಿಹೋದರೆ ಆ ದಿನದವರೆಗೆ ಅವನಿಗೆ ಕೊಟ್ಟ ಎಲ್ಲ ಆಪ್ಷನ್ನೂ, ಇನ್ನೂ ವೆಸ್ಟ್ ಆಗದವೂ ಸೇರಿ, ವಾರಸುದಾರರ ಅಥವಾ ನಾಮಿನಿಯ ಪಾಲಿಗೆ ವೆಸ್ಟ್ ಆಗುತ್ತವೆ. ಕೆಲಸ ಮಾಡಲಾಗದಂಥ ಶಾಶ್ವತ ಅಂಗವೈಕಲ್ಯ ಬಂದರೆ ಅವನಿಗೇ ಎಲ್ಲವೂ ಅದೇ ದಿನ ವೆಸ್ಟ್ ಆಗುತ್ತವೆ. ರಾಜೀನಾಮೆಯಲ್ಲಿ ಸಾಯುವ ಆಪ್ಷನ್ ಸಾವಿನಲ್ಲಿ ಉಳಿಯುತ್ತದೆ. ಆದರೆ ಷೇರು ತಾನಾಗಿ ಬರುವುದಿಲ್ಲ. ವಾರಸುದಾರರು ಅರ್ಜಿ ಕೊಟ್ಟು, ಎಕ್ಸರ್‌ಸೈಜ್ ಬೆಲೆ ಕಟ್ಟಿ, ಯೋಜನೆಯಲ್ಲಿ ಬರೆದ ಅವಧಿಯೊಳಗೆ ಪಡೆಯಬೇಕು. ಪಿಎಫ್, ವಿಮೆಯ ಹಣಕ್ಕೆ ಓಡಾಡುವ ಬೀಳಗಿಯ ಅಪ್ಪನಿಗೆ ಮಗನ ಲ್ಯಾಪ್‌ಟಾಪಿನಲ್ಲಿ ಇಂಥದ್ದೊಂದು ಪತ್ರ ಇದೆ ಎಂದು ತಿಳಿಯುವಷ್ಟರಲ್ಲಿ ಆ ಅವಧಿ ಮುಗಿದಿರುವ ಸಾಧ್ಯತೆ ಹೆಚ್ಚು. ಗ್ರ್ಯಾಂಟ್ ಪತ್ರದ ಒಂದು ಪ್ರತಿಯನ್ನೂ ಯೋಜನೆಯ ಪ್ರತಿಯನ್ನೂ ಮುದ್ರಿಸಿ ಊರಿನ ಮನೆಯಲ್ಲಿ ಹೊಲದ ಉತಾರದ ಜೊತೆ ಇಡುವುದು, ನಾಮಿನಿಯ ಹೆಸರನ್ನು ಕಂಪನಿಗೆ ಬರೆದುಕೊಡುವುದು, ಇವೆರಡೂ ಅರ್ಧ ದಿನದ ಕೆಲಸ.